ಕೀಟೋದ ಹತ್ತನೇ ದಿನ, ಮೂರನೇ ಸೆಟ್

ಕಾರ್ಬ್ ಬಹುತೇಕ ಬಿಟ್ಟು ಕೊಬ್ಬು ಹೆಚ್ಚಾಗಿ ತಿನ್ನುವ ಕೀಟೋ ಶುರುವಾಗಿ ಹತ್ತು ದಿನ. ಬೆಳಿಗ್ಗೆ ತೂಕ ನೋಡಿದರೆ ಮೂರು ಕೆಜಿ ಇಳಿದಿದೆ, ಖುಷಿಯೋ ಖುಷಿ. ಸಂಜೆ ಜಿಮ್‌ನಲ್ಲಿ ಕಾಲಿನ ದಿನ. ಎರಡು ವಾರದ ಹಿಂದೆ 80 ಕೆಜಿ ಹೊತ್ತು ಹತ್ತತ್ತು ರೆಪ್‌ನ ನಾಲ್ಕು ಸೆಟ್ ಸ್ಕ್ವಾಟ್ ಮುಗಿಸುತ್ತಿದ್ದವರಿಗೆ ಇವತ್ತು ಮೊದಲ ಸೆಟ್‌ನಲ್ಲಿ ಹತ್ತು ಆಯಿತು, ಎರಡನೆಯದರಲ್ಲಿ ಎಂಟು. ಮೂರನೆಯದರಲ್ಲಿ ಆರಕ್ಕೇ ತೊಡೆ ಕಲ್ಲಿನಂತೆ ಬಿಗಿದುಕೊಂಡಿತು. ಬಾರ್ ರ‍್ಯಾಕ್‌ಗೆ ಇಟ್ಟು ತಿರುಗಿದರೆ ತಲೆ ಸುತ್ತು.

ಇಂಥ ದಿನ ‘ಶಕ್ತಿಯೇ ಹೋಯಿತು’ ಎಂದು ಗಾಬರಿಯಾಗುವವರು ಬಹಳ ಜನ. ಅದು ನಿಜವೋ ಅಲ್ಲವೋ ಅಲ್ಲೇ ನೋಡಬಹುದು. ಐದು ನಿಮಿಷ ಕೂತು ಸುಧಾರಿಸಿಕೊಂಡು, ತಲೆಸುತ್ತು ಪೂರ್ತಿ ನಿಂತ ಮೇಲೆ, ಮೊದಲು ಎತ್ತುತ್ತಿದ್ದ ಹೆಚ್ಚಿನ ಭಾರದಲ್ಲಿ ಎರಡೇ ರೆಪ್ ಮಾಡಿ ನೋಡಿ. ಸಾಮಾನ್ಯವಾಗಿ ಅದು ಮೊದಲಿನ ಹಾಗೇ ಏಳುತ್ತದೆ. ಎರಡು ಮೂರು ರೆಪ್‌ಗೆ ಬೇಕಾದ ಶಕ್ತಿ ಸ್ನಾಯುವಿನಲ್ಲಿ ಸಿದ್ಧವಾಗಿರುವ ಕ್ರಿಯಾಟಿನ್ ಫಾಸ್ಫೇಟ್‌ನಿಂದ ಬರುತ್ತದೆ, ಅದು ಸುಮಾರು ಹತ್ತು ಸೆಕೆಂಡಿಗೆ ಸಾಕು. ಆದರೆ ಹತ್ತು ರೆಪ್‌ಗೆ ಮೂವತ್ತು ನಲವತ್ತು ಸೆಕೆಂಡ್ ಬೇಕು. ಅಲ್ಲಿ ದುಡಿಯುವುದು ಗ್ಲೈಕೋಜನ್, ಅಂದರೆ ಸ್ನಾಯು ಕೂಡಿಟ್ಟುಕೊಂಡ ಕಾರ್ಬ್. ದಿನಕ್ಕೆ 30 ಗ್ರಾಂ ಕಾರ್ಬ್ ಮಾತ್ರ ತಿಂದರೆ ಆ ದಾಸ್ತಾನು ಅರ್ಧಕ್ಕೆ ಇಳಿದಿರುತ್ತದೆ. ಕೊಬ್ಬು ಎಷ್ಟಿದ್ದರೂ ಅದು ನಿಧಾನವಾಗಿ ಉರಿಯುವ ಇಂಧನ, ಆ ವೇಗಕ್ಕೆ ಒದಗುವುದಿಲ್ಲ.

ತಲೆಸುತ್ತಿನ ಕಥೆಯೇ ಬೇರೆ. ಕಾರ್ಬ್ ಇಳಿದಾಗ ಇನ್ಸುಲಿನ್ ಇಳಿಯುತ್ತದೆ, ಆಗ ಮೂತ್ರಪಿಂಡ ಉಪ್ಪನ್ನೂ ಅದರ ಜೊತೆ ನೀರನ್ನೂ ಹೆಚ್ಚಾಗಿ ಹೊರಹಾಕುತ್ತದೆ. ಜಿಮ್‌ಗೆ ಹೊರಡುವ ಮುಕ್ಕಾಲು ಗಂಟೆ ಮೊದಲು ದೊಡ್ಡ ಲೋಟ ನೀರಿಗೆ ಕಾಲು ಚಮಚ ಉಪ್ಪು ಹಾಕಿ ಕುಡಿದರೆ ತಲೆಸುತ್ತು, ತಲೆನೋವು ಬಹುಮಟ್ಟಿಗೆ ನಿಲ್ಲುತ್ತವೆ. ಬಿಪಿ ಅಥವಾ ಮೂತ್ರಪಿಂಡದ ತೊಂದರೆ ಇದ್ದವರು ಇದನ್ನು ಮಾಡಬಾರದು. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರಂತೂ ವೈದ್ಯರನ್ನು ಕೇಳದೆ ಕೀಟೋಗೆ ಕೈಹಾಕಲೇಬಾರದು. ಉಪ್ಪು ಕುಡಿದ ಮೇಲೆ ತಲೆ ಸರಿಹೋಗಿ, ಮೂರನೇ ಸೆಟ್ ಮಾತ್ರ ಆರರಲ್ಲೇ ನಿಂತರೆ, ಕೊರತೆ ಗ್ಲೈಕೋಜನ್‌ನದು ಎಂದು ತಿಳಿಯಬಹುದು.

ಇನ್ನು ಆ ಮೂರು ಕೆಜಿ. ದಿನಕ್ಕೆ 2500 ಕ್ಯಾಲರಿ ಖರ್ಚಾಗುವವರು 2000 ತಿಂದಿದ್ದಾರೆ ಎನ್ನೋಣ. ಹತ್ತು ದಿನಕ್ಕೆ 5000 ಕ್ಯಾಲರಿ ಕೊರತೆ. ಒಂದು ಕೆಜಿ ಕೊಬ್ಬಿಗೆ ಸುಮಾರು 7700 ಲೆಕ್ಕ ಹಿಡಿದರೆ ಕರಗಿದ್ದು ಮುಕ್ಕಾಲು ಕೆಜಿಯೂ ಇಲ್ಲ. ಉಳಿದದ್ದರಲ್ಲಿ ಬಹುಪಾಲು ನೀರು, ಏಕೆಂದರೆ ಒಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ.

ಅದೇ 2000 ಕ್ಯಾಲರಿಯನ್ನು ಸಮತೋಲಿತವಾಗಿ ತಿಂದಿದ್ದರೆ? ಎರಡರಲ್ಲೂ ಪ್ರೋಟೀನ್ 140 ಗ್ರಾಂ ಇರಲಿ, ಅದನ್ನು ಮಾತ್ರ ಬದಲಿಸಬಾರದು. ಕೀಟೋದಲ್ಲಿ ಕಾರ್ಬ್ 30, ಕೊಬ್ಬು 147 ಗ್ರಾಂ. ಸಮತೋಲಿತದಲ್ಲಿ ಕಾರ್ಬ್ 225, ಕೊಬ್ಬು 60. ಕರಗುವ ಕೊಬ್ಬು ಹೆಚ್ಚುಕಡಿಮೆ ಅಷ್ಟೇ. 2018ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್‌ನ ಡಯಟ್‌ಫಿಟ್ಸ್ ಅಧ್ಯಯನದಲ್ಲಿ 609 ಜನರನ್ನು ಒಂದು ವರ್ಷ ಗಮನಿಸಿದಾಗ ಕಡಿಮೆ ಕಾರ್ಬ್ ಗುಂಪು ಸರಾಸರಿ 6 ಕೆಜಿ, ಕಡಿಮೆ ಕೊಬ್ಬಿನ ಗುಂಪು 5.3 ಕೆಜಿ ಇಳಿಸಿತ್ತು. ಆ ಅಂತರ ಲೆಕ್ಕಕ್ಕೆ ಬರುವಷ್ಟಲ್ಲ. (ಅದು ಕಟ್ಟುನಿಟ್ಟಿನ ಕೀಟೋ ಆಗಿರಲಿಲ್ಲ ಎಂಬುದೂ ನೆನಪಿರಲಿ.) ಕೀಟೋದಲ್ಲಿ ಹಸಿವು ಕಡಿಮೆ ಎನ್ನುವವರು ಅನೇಕರಿದ್ದಾರೆ. ಅಂಥವರಿಗೆ 2000ದ ಗಡಿಯೊಳಗೆ ಇರುವುದು ಸುಲಭವಾಗುತ್ತದೆ, ಅದರ ನಿಜವಾದ ಲಾಭ ಅದೇ. ‘ಕೊಬ್ಬು ಸುಡುವ ಮೋಡ್’ ಎಂದು ಹೇಳುತ್ತಾರಲ್ಲ, ಅಲ್ಲಿ ಸುಡುವುದರಲ್ಲಿ ದೊಡ್ಡ ಪಾಲು ತಟ್ಟೆಯಲ್ಲಿದ್ದ ಆ 147 ಗ್ರಾಮೇ.

ಹಾಗಾಗಿ ಕೀಟೋ ಮುಂದುವರಿಸುವವರು ವ್ಯಾಯಾಮವನ್ನು ಅದಕ್ಕೆ ಹೊಂದಿಸಬೇಕು: ಭಾರ ಹೆಚ್ಚು, ರೆಪ್ ಮೂರರಿಂದ ಐದು, ನಡುವೆ ಮೂರು ನಿಮಿಷ ವಿಶ್ರಾಂತಿ. ಹತ್ತು ಹನ್ನೆರಡರ ಸೆಟ್‌ಗಳನ್ನು ಬಿಡಲು ಮನಸ್ಸಿಲ್ಲದವರಿಗೆ ಕಾರ್ಬ್ ವಾಪಸ್ ತರುವುದೇ ವಾಸಿ. ಹಾಗೆ ತಂದ ಎರಡು ಮೂರು ದಿನಕ್ಕೆ ತೂಕ ಒಂದೂವರೆ ಎರಡು ಕೆಜಿ ಮೇಲೇರುತ್ತದೆ. ಹೆಚ್ಚಿನವರು ಹೆದರಿ ಮತ್ತೆ ಕೀಟೋಗೆ ಓಡುವುದು ಇಲ್ಲೇ. ಅವತ್ತು ತೂಕದ ಯಂತ್ರ ಬಿಟ್ಟು ಟೇಪ್ ಹಿಡಿದು ಹೊಕ್ಕುಳ ಮಟ್ಟದಲ್ಲಿ ಸೊಂಟ ಅಳೆಯಿರಿ. ಅಳತೆ ಹೆಚ್ಚುಕಡಿಮೆ ಇದ್ದಲ್ಲೇ ಇದ್ದು, ಮುಂದಿನ ಕಾಲಿನ ದಿನ ಮೂರನೇ ಸೆಟ್ ಆರರಿಂದ ಒಂಬತ್ತಕ್ಕೆ ಬಂದಿದ್ದರೆ, ಏರಿದ ಆ ಎರಡು ಕೆಜಿಯಲ್ಲಿ ಬಹುಪಾಲು ಮೈಯೊಳಗೆ ಮತ್ತೆ ತುಂಬಿಕೊಂಡ ಗ್ಲೈಕೋಜನ್ ಮತ್ತು ನೀರು.