ಎಸಿ, ಒಂದು ತೂತು, ಒಂದು ಪತ್ರ

ಕಲಬುರಗಿ, 13 ಏಪ್ರಿಲ್ 2025, ಭಾನುವಾರ

ಕೂಲರ್ ಈ ಸಲ ಸುಮ್ನೆ ಬಿಸಿಗಾಳಿ ತಿರುಗಿಸ್ತಾ ಕೂತಿದೆ. ಬೆಡ್‌ರೂಮಿಗೆ ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿ ಹಾಕಿಸೋಣ ಅಂತ ಮಾಲಕರ ಮನೆಗೆ ಹೋದೆ. ಕಾಕಾ ಚಹಾ ಕೊಟ್ಟು ಕೇಳಿದ್ದು ಒಂದೇ ಮಾತು: "ಎಸಿ ಹಾಕ್ರಿ, ಬ್ಯಾಡನ್ನಂಗಿಲ್ಲ. ಗ್ವಾಡಿಗೆ ತೂತು ಎಲ್ಲಿ ಹೊಡಿತೀರಿ?"

ಕೇಳಬೇಕಾದ್ದನ್ನೇ ಕೇಳಿದರು. ತಾಮ್ರದ ಪೈಪು, ವೈರು, ನೀರಿನ ಪೈಪು ಎಲ್ಲಾ ಹೊರಗೆ ಹೋಗೋಕೆ ಸುಮಾರು ಎರಡೂವರೆ ಇಂಚಿನ ತೂತು ಬೇಕು. ಅದು ಬೀಮು, ಪಿಲ್ಲರ್ ಮುಟ್ಟಬಾರದು. ಒಳಗಿನ ಕಬ್ಬಿಣ ಕತ್ತರಿಸಿದರೆ ಆಮೇಲೆ ಸಿಮೆಂಟು ತುಂಬಿ ಸರಿಮಾಡೋ ಮಾತೇ ಇಲ್ಲ. ಉಳಿ ಸುತ್ತಿಗೆಯಿಂದ ಒಡೆದರೆ ಆಚೆ ಬದಿಯ ಪ್ಲಾಸ್ಟರ್ ತಟ್ಟೆಯಗಲ ಕಿತ್ತು ಬರುತ್ತೆ. ಅದಕ್ಕೇ ಕೋರ್ ಕಟಿಂಗ್ ಮಷಿನ್ನಿನಿಂದಲೇ ಕೊರೆಸ್ತೀನಿ ಅಂದೆ. ತೂತು ಹೊರಗಡೆಗೆ ಸ್ವಲ್ಪ ಇಳಿಜಾರಾಗಿರಬೇಕು, ಇಲ್ಲಾಂದ್ರೆ ಮಳೆಗಾಲದಲ್ಲಿ ನೀರು ಒಳಗಿನ ಗೋಡೆಗೆ ಬರುತ್ತೆ.

ಎರಡನೇ ತಕರಾರು ಕರೆಂಟಿನದು. ಮೀಟರ್ ಕಾಕಾನ ಹೆಸರಲ್ಲಿದೆ. ಮಂಜೂರಾದ ಲೋಡ್ ಸಾಲದಿದ್ದರೆ ಜೆಸ್ಕಾಂ ಅರ್ಜಿಗೆ ಅವರೇ ಸಹಿ ಹಾಕಬೇಕು. ನಿಗದಿತ ಶುಲ್ಕ ಲೋಡಿನ ಮೇಲೆ ಬೀಳೋದರಿಂದ ನಾನು ಖಾಲಿ ಮಾಡಿದ ಮೇಲೂ ಅದು ಬಿಲ್ಲಿನಲ್ಲಿ ಬರ್ತಾ ಇರುತ್ತೆ. ಹೋಗುವಾಗ ಲೋಡ್ ಇಳಿಸೋ ಅರ್ಜಿಯ ಓಡಾಟ, ಖರ್ಚು ನನ್ನದು ಅಂತ ಒಪ್ಪಿಕೊಂಡೆ. (ತಿಂಗಳಿಗೆ 200 ಯೂನಿಟ್ ದಾಟಿದರೆ ಗೃಹಜ್ಯೋತಿಯೂ ಇಲ್ಲ, ಪೂರ್ತಿ ಬಿಲ್ಲು. ಅದು ನನ್ನ ಹಣೆಬರಹ.)

ಬಾಡಿಗೆ ಕರಾರಿನಲ್ಲಿ "ಮನೆಯನ್ನು ಮೊದಲಿನ ಸ್ಥಿತಿಯಲ್ಲಿ ಒಪ್ಪಿಸುವುದು" ಅಂತ ಒಂದು ಸಾಲಿದೆ. ಡಿಪಾಸಿಟ್ ಜಗಳ ಹುಟ್ಟೋದೇ ಇಂಥ ಸಾಲಿನಿಂದ. ಹಾಗಾಗಿ ಬೇರೆ ಪತ್ರವನ್ನೇ ಬರೆದೆವು:

"ಎಸಿ ಬಾಡಿಗೆದಾರನದು, ಹೋಗುವಾಗ ಒಯ್ಯಬಹುದು. ಡಿಬಿಯಿಂದ ಎಳೆದ 4 ಚದರ ಮಿಲಿಮೀಟರ್ ವೈರು, ಎಂಸಿಬಿ ಮನೆಯಲ್ಲೇ ಉಳಿಯುತ್ತವೆ, ಅದಕ್ಕೆ ಹಣ ಕೇಳುವಂತಿಲ್ಲ. ತೂತಿಗೆ, ಬ್ರಾಕೆಟ್ಟಿನ ಬೋಲ್ಟ್ ಕಿತ್ತ ಜಾಗಕ್ಕೆ ಸಿಮೆಂಟ್ ತುಂಬಿ, ಒಳಗಿನ ಆ ಇಡೀ ಗೋಡೆಗೆ ಬಣ್ಣ ಹೊಡೆಸಬೇಕು. ಎಸಿ ನೀರು ಬಾಲ್ಕನಿಯ ಜಾಲಿಗೇ ಹೋಗಬೇಕು."

ಇಡೀ ಗೋಡೆ ಅಂತ ನಾನೇ ಬರೆಸಿದೆ. ಹಳೇ ಬಣ್ಣದ ನಡುವೆ ಹೊಸ ತೇಪೆ ಎದ್ದು ಕಾಣುತ್ತೆ. ಆಗ ನಾಲ್ಕೂ ಗೋಡೆಗೆ ಬಣ್ಣದ ದುಡ್ಡು ಡಿಪಾಸಿಟ್‌ನಿಂದ ಹೋಗೋದಕ್ಕಿಂತ ಒಂದು ಗೋಡೆ ವಾಸಿ ಅಲ್ವಾ? ಗೋಡೆಯ ಈಗಿನ ಫೋಟೋ ಇಬ್ಬರ ವಾಟ್ಸಾಪ್‌ನಲ್ಲೂ ಇದೆ.

ಬಿಚ್ಚುವಾಗಿನ ಮಾತು ಪತ್ರದಲ್ಲಿಲ್ಲ, ನನಗೆ ನೆನಪಿರಲಿ ಅಂತ ಇಲ್ಲಿ ಬರೆದಿಡ್ತೀನಿ. ಪೈಪ್ ಬಿಚ್ಚೋ ಮುಂಚೆ ಎಸಿ ಓಡಿಸಿ, ವಾಲ್ವ್ ಮುಚ್ಚಿ, ಗ್ಯಾಸನ್ನೆಲ್ಲ ಹೊರಗಿನ ಯೂನಿಟ್ಟಿಗೆ ಎಳೆದುಕೊಳ್ಳಬೇಕು. ಮೆಕ್ಯಾನಿಕ್ ಅವಸರದಲ್ಲಿ ಸುಮ್ನೆ ಪೈಪ್ ಬಿಚ್ಚಿದರೆ ಗ್ಯಾಸ್ ಹೋಯ್ತು, ಹೊಸ ಮನೆಯಲ್ಲಿ ಮತ್ತೆ ತುಂಬಿಸೋ ಖರ್ಚು.

ಗೋಡೆಗೆ ಕೂರಿಸೋ ವಾರ್ಡ್‌ರೋಬ್ ವಿಷಯ ಎತ್ತಲಿಲ್ಲ. ಬಿಚ್ಚಿದರೆ ಇನ್ನೊಂದು ಮನೆಯ ಅಳತೆಗೆ ಕೂರಲ್ಲ, ಬಿಟ್ಟರೆ ದುಡ್ಡು ಬರಲ್ಲ. ಕಬ್ಬಿಣದ ಅಲಮಾರಿಯೇ ಸಾಕು.

ಸಹಿ ಹಾಕೋ ಮುಂಚೆ ಕಾಕಾ ಪೆನ್ನಿನಿಂದ ಕೆಳಗೆ ಒಂದು ಸಾಲು ಸೇರಿಸಿದರು: ತೂತು ಕೊರೆಯುವಾಗ ಮಾಲಕರು ಎದುರಿಗಿರಬೇಕು. ಮಂಗಳವಾರ ಬೆಳಿಗ್ಗೆ ಬರ್ತಾರಂತೆ.