ಡಿಸ್ಕ್ ತುಂಬುವ ತಾರೀಖು

9 ಜೂನ್ 2025, ಸೋಮವಾರ

ಸಾಲದ ಖಾತೆಗಳಿರುವ ಪೋಸ್ಟ್‌ಗ್ರೆಸ್ ಡೇಟಾಬೇಸ್ ಸರ್ವರ್‌ಗೆ ಹೊಸ ಡಿಸ್ಕ್ ಬೇಕು ಅಂತ ಬೆಳಿಗ್ಗೆ ಖರೀದಿ ವಿಭಾಗಕ್ಕೆ ಮೇಲ್ ಹಾಕಿದೆ. ಅರ್ಧ ಗಂಟೆಯಲ್ಲೇ ಫೋನ್ ಬಂತು. "ಮೇಡಂ, ಇನ್ನೂ 87 ಪರ್ಸೆಂಟ್ ತಾನೇ? ಅಲಾರಂ ಬರೋದು 90ಕ್ಕಲ್ವಾ? ಆಗ ನೋಡೋಣ ಬಿಡಿ."

ಆಗ ನೋಡಿದರೆ ತಡವಾಗುತ್ತದೆ. ಯಾಕೆ ಅನ್ನುವುದನ್ನು ಲೆಕ್ಕ ಸಮೇತ ಬರೆದು ಕಳಿಸಿದೆ. ಅದನ್ನೇ ಇಲ್ಲೂ ಹಾಕುತ್ತಿದ್ದೇನೆ.

ಡಿಸ್ಕ್ 500 ಜಿಬಿ. ಬಳಕೆ 410. ಹಾಗಾದರೆ 90 ಉಳಿದಿದೆ ಅನ್ನಿಸುತ್ತದೆ, ಆದರೆ ಇಲ್ಲ. ext4 ಫೈಲ್ ಸಿಸ್ಟಮ್ ಮಾಮೂಲಾಗಿ ಶೇಕಡಾ 5ರಷ್ಟು ಜಾಗವನ್ನು ರೂಟ್‌ಗೆ ಅಂತ ಎತ್ತಿಡುತ್ತದೆ. ಡೇಟಾಬೇಸ್ ಅದನ್ನು ಮುಟ್ಟುವ ಹಾಗಿಲ್ಲ. ನಿಜವಾಗಿ ಇರುವುದು 65 ಜಿಬಿ. ಆ 87 ಪರ್ಸೆಂಟ್ ಕೂಡ 500ರ ಮೇಲಲ್ಲ, ಬಳಸಲು ಸಿಗುವ 475ರ ಮೇಲೆ ಬಂದದ್ದು. ಅದಕ್ಕೇ ನಮ್ಮ ಸ್ಕ್ರಿಪ್ಟ್ ಪ್ರತಿ ರಾತ್ರಿ ಬರೆದಿಡುವುದು ಬಳಕೆಯನ್ನಲ್ಲ, ಸಿಗುವ ಜಾಗವನ್ನು:

```
df -BM --output=avail /var/lib/postgresql | tail -1
```

ನಿನ್ನೆಯ ಅಂಕಿಯಿಂದ ಇವತ್ತಿನದನ್ನು ಕಳೆದರೆ ದಿನದ ಬೆಳವಣಿಗೆ ಸಿಗುತ್ತದೆ. ಮಾಮೂಲಿ ದಿನ 1.2 ಜಿಬಿ. ಬಡ್ಡಿ ಹಾಕುವ ಎರಡು ದಿನ, ಅಂದರೆ ತಿಂಗಳ ಕೊನೆಯ ದಿನ ಮತ್ತು ಒಂದನೇ ತಾರೀಖು, ತಲಾ 6 ಜಿಬಿ. ಬರೀ ಹಿಂದಿನ ವಾರ ನೋಡಿದರೆ 54 ದಿನ ಇದೆ ಅನ್ನಿಸುತ್ತದೆ. ಬಡ್ಡಿ ದಿನಗಳು ಸೇರಿದ ವಾರ ನೋಡಿದರೆ 25 ದಿನ. ಎರಡನ್ನೂ ನಂಬುವಂತಿಲ್ಲ. ಒಂದು ಪೂರ್ತಿ ತಿಂಗಳು ತೆಗೆದುಕೊಂಡರೆ ಸರಾಸರಿ 1.52 ಜಿಬಿ, ಅಂದರೆ ಸುಮಾರು 42 ದಿನ.

ಅಷ್ಟೂ ದಿನ ನಮ್ಮದಲ್ಲ. ದೊಡ್ಡ ಇಂಡೆಕ್ಸ್ ಹೊಸದಾಗಿ ಕಟ್ಟಬೇಕಾದರೆ ಹಳೆಯದು ಇರುವಾಗಲೇ ಇನ್ನೊಂದಕ್ಕೂ ಜಾಗ ಬೇಕು. ಅದಕ್ಕೆ 20 ಜಿಬಿ ಎತ್ತಿಟ್ಟರೆ ಉಳಿಯುವುದು 45. ಜುಲೈ 8ರ ಹೊತ್ತಿಗೆ ಅದು ಖಾಲಿ. ಹಳೇ ಸಾಲುಗಳನ್ನು ಅಳಿಸಿದರಾಯಿತು ಅನ್ನುವವರಿದ್ದಾರೆ. ಸುಮ್ನೆ DELETE ಮಾಡಿದರೆ ಆ ಜಾಗ ಟೇಬಲ್ ಒಳಗೇ ಇರುತ್ತದೆ, ಡಿಸ್ಕ್‌ಗೆ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ಇನ್ನು 90 ಪರ್ಸೆಂಟ್ ಅಲಾರಂ. ತಿಂಗಳ ಕೊನೆಯವರೆಗೆ ಮಾಮೂಲಿ ದಿನಗಳೇ ಆದ್ದರಿಂದ ದಿನಕ್ಕೆ 1.2 ಜಿಬಿ ವೇಗದಲ್ಲಿ ಅದು ಹೊಡೆದುಕೊಳ್ಳುವುದು ಜೂನ್ 23ರ ಸುಮಾರಿಗೆ, ಗಡುವಿಗೆ ಹದಿನೈದು ದಿನ ಮೊದಲು. ಡಿಸ್ಕ್ ಮಂಜೂರಾಗಿ ಕೈಗೆ ಬರಲು ಮೂರು ವಾರ ಬೇಕು! ಹಾಗಾಗಿ ಎಚ್ಚರಿಕೆಯನ್ನು ಪರ್ಸೆಂಟ್‌ಗಲ್ಲ, ಉಳಿದ ದಿನಗಳಿಗೆ ಕಟ್ಟಿದ್ದೇನೆ: 30 ದಿನಕ್ಕಿಂತ ಕಮ್ಮಿಯಾದರೆ ಮೇಲ್.

ಈ ಲೆಕ್ಕಕ್ಕೆ ಸಿಗದ ಒಂದು ಅಪಾಯವಿದೆ. ರೆಪ್ಲಿಕಾ, ಅಂದರೆ ಡೇಟಾಬೇಸ್‌ನ ನಕಲು ಇಟ್ಟುಕೊಳ್ಳುವ ಸರ್ವರ್, ನಿಂತುಹೋಗಿ, ಅದು ಎಲ್ಲಿಯವರೆಗೆ ಓದಿದೆ ಅಂತ ಗುರುತಿಡುವ ಸ್ಲಾಟ್ ಹಾಗೇ ಉಳಿದರೆ, ಬದಲಾವಣೆಗಳ ದಾಖಲೆ ಇರುವ pg_wal ಫೋಲ್ಡರ್ ಊದುತ್ತಲೇ ಹೋಗುತ್ತದೆ. ತಿಂಗಳ ಸರಾಸರಿ ಅದನ್ನು ಹಿಡಿಯುವಷ್ಟರಲ್ಲಿ ಡಿಸ್ಕ್ ತುಂಬಿರಬಹುದು. ಅದಕ್ಕೆ ಆ ಫೋಲ್ಡರ್‌ನ ಗಾತ್ರ ಬೇರೆಯಾಗಿ ಬರೆದಿಡುತ್ತೇನೆ, pg_replication_slots ನಲ್ಲಿ active ಸುಳ್ಳಾದರೆ ತಕ್ಷಣ ಮೆಸೇಜ್ ಬರುತ್ತದೆ.

ಸಂಜೆ ಖರೀದಿಯವರು ಫೈಲ್ ಮುಂದಕ್ಕೆ ಕಳಿಸಿದರು. ಜುಲೈ 2ಕ್ಕೆ, ಬಡ್ಡಿ ಕೆಲಸ ಮುಗಿದ ಮೇಲೆ, ಹೊಸ ಅಂಕಿ ಹಾಕಿ ತಾರೀಖನ್ನು ಮತ್ತೆ ಲೆಕ್ಕ ಹಾಕಬೇಕು.