ಅವ್ವ ತೋರಿಸಿದ ಬೈಗುಳ, ಅವಳು ದಾಟಿಹೋದ ಸ್ಟಿಕರ್

“ಅಕ್ಕಾರ, ಇದನ್ನ ಒಂಚೂರು ಓದ್ರಿ. ಇವು ಚಾಷ್ಟಿ ಮಾಡಾಕತ್ತಾವೋ, ನನ್ನ ಮಗಗ ಕಾಟಾ ಕೊಡಾಕತ್ತಾವೋ?”

ವಿಜಯಪುರದಲ್ಲಿ ಹೈಸ್ಕೂಲು ಮಕ್ಕಳ ಜೊತೆ ಮಾತಾಡುವುದು ನನ್ನ ಕೆಲಸ. ಹೀಗೆ ಫೋನ್ ಮುಂದಿಟ್ಟು ಕೂರುವ ಅವ್ವಂದಿರು, ಅಪ್ಪಂದಿರು ಈಗ ಜಾಸ್ತಿ. ಅವರಲ್ಲಿ ಒಬ್ಬರ ಕಥೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿದ್ದೇನೆ.

ಮಗ ಒಂಬತ್ತನೇ ಕ್ಲಾಸು. ಮಾತಾಡುವಾಗ ಸ್ವಲ್ಪ ತೊದಲುತ್ತಾನೆ. ಕ್ಲಾಸಿನ ವಾಟ್ಸಾಪ್ ಗ್ರೂಪ್‌ನಲ್ಲಿ ಮೂವತ್ತು ಮಕ್ಕಳಿದ್ದಾರೆ. ಅವ್ವ ನನಗೆ ತೋರಿಸಿದ್ದು ಒಬ್ಬನೇ ಹುಡುಗನ ಮಾತು. “ಲೇ ಮಂಗ್ಯಾ”, “ಹುಚ್ಚ ಸೂಳೆಮಗನ”, “ಸಾಯಿ ಹೋಗಲೇ”. ಓದುವಾಗ ಅವರ ಕೈ ನಡುಗುತ್ತಿತ್ತು.

ನಮ್ಮ ಕಡೆ ಮಾತೇ ಒರಟು. ಗೆಳೆಯರ ನಡುವೆ ಬೈಗುಳ ಇಲ್ಲದಿದ್ದರೇ ಏನೋ ಮುನಿಸು ಎಂದು ಲೆಕ್ಕ. ಹಾಗಾಗಿ ನಾನು ಪದ ನೋಡಿ ತೀರ್ಮಾನ ಮಾಡುವುದಿಲ್ಲ. ಹಿಂದಕ್ಕೆ ಹೋಗಿ ಒಂದು ತಿಂಗಳ ಮಾತು ಓದುತ್ತೇನೆ, ಯಾರು ಯಾರಿಗೆ ಎಂದರು ಅಂತ ಒಂದು ಹಾಳೆಯಲ್ಲಿ ಗೀಟು ಹಾಕುತ್ತೇನೆ. ಆ ಬೈಗುಳದ ಹುಡುಗ ಇವನಿಗೆ ಒಂಬತ್ತು ಸಲ ಬೈದಿದ್ದ. ಇವನು ಅವನಿಗೆ ಏಳು ಸಲ. ಒಮ್ಮೆ ಇವನು “ಇವತ್ತ ಬ್ಯಾಡಲೇ, ತಲಿ ನೋಯಾಕತೈತಿ” ಎಂದು ಬರೆದಿದ್ದ. ಅಲ್ಲಿಗೇ ನಿಂತಿತು. ಅರ್ಧ ಗಂಟೆಯ ಮೇಲೆ ಅದೇ ಹುಡುಗ ಗಣಿತದ ನೋಟ್ಸ್ ಫೋಟೋ ಕಳಿಸಿದ್ದ. ಇದು ಚಾಷ್ಟಿ.

ಅವ್ವ ನೋಡದೆ ದಾಟಿಹೋದದ್ದು ಒಂದು ಸ್ಟಿಕರ್. ಮಗನದೇ ಫೋಟೋ, ಬಾಯಿ ತೆರೆದದ್ದು, ಕೆಳಗೆ “ಬ ಬ ಬ”. ಒಂದೂ ಬೈಗುಳ ಇಲ್ಲ. ಆದರೆ ಹಾಳೆಯಲ್ಲಿ ಹದಿನಾಲ್ಕು ಗೀಟು ಬಿದ್ದವು. ಕಳಿಸಿದವರು ಐದು ಜನ. ಇವನ ಕಡೆಯಿಂದ ತಿರುಗಿ ಹೋದದ್ದು ಸೊನ್ನೆ. ಇವನು ಹೋಂವರ್ಕ್ ಕೇಳಿದರೂ ಸ್ಟಿಕರ್, ಹುಟ್ಟುಹಬ್ಬಕ್ಕೆ ಶುಭಾಶಯ ಹೇಳಿದರೂ ಸ್ಟಿಕರ್.

“ಆದ್ರ ಅವನೂ ನಗತಾನಲ್ರೀ” ಎಂದರು ಅವ್ವ. ಹೌದು, ಮೊದಲ ಎರಡು ಸಲ ನಗುವ ಇಮೋಜಿ ಹಾಕಿದ್ದ. ಮೂವತ್ತು ಜನರ ಮುಂದೆ ಅಳುವುದಕ್ಕಿಂತ ನಗುವುದು ಸುಲಭ. ಅದಕ್ಕೇ ನಾನು ಆ ನಗುವನ್ನು ನಂಬದೆ, ಅದರ ಮುಂದೆ ಏನಾಯಿತು ಅಂತ ನೋಡುತ್ತೇನೆ. ಮೂರನೇ ಸಲ “ಸಾಕ್ ಮಾಡ್ರಲೇ” ಎಂದು ಬರೆದಿದ್ದ. ಆ ರಾತ್ರಿಯೇ ನಾಲ್ಕು ಸ್ಟಿಕರ್ ಬಂದವು. ಅಡ್ಮಿನ್ ಅವನನ್ನು ಗ್ರೂಪಿನಿಂದ ತೆಗೆದು, ಮರುದಿನ ಮತ್ತೆ ಸೇರಿಸಿದ್ದ. ಮೊದಲು ಉದ್ದುದ್ದ ಬರೆಯುತ್ತಿದ್ದವನು ಆಮೇಲೆ “ಹ್ಞೂಂ” ಅಷ್ಟಕ್ಕೇ ನಿಂತ.

ಶಾಲೆಗಳಲ್ಲಿ ಈ ಕಾಟವನ್ನು 1970ರ ದಶಕದಿಂದಲೇ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಮೂರು ಗುರುತು ಹೇಳಿದ್ದರು. ಬೇಕಂತಲೇ ನೋಯಿಸುವುದು, ಮತ್ತೆ ಮತ್ತೆ ನೋಯಿಸುವುದು, ನೋಯುವವನ ಬಲ ಕಡಿಮೆ ಇರುವುದು. ಇಲ್ಲಿ ಐದು ಜನ ಒಂದು ಕಡೆ, ಅಡ್ಮಿನ್ ಅವರ ಕಡೆ, ತೊದಲುವವನು ಒಬ್ಬನೇ. “ಸಾಕು” ಎಂದ ಮೇಲೆಯೂ ಹೆಚ್ಚಾದದ್ದಕ್ಕೆ ಬೇಕಂತಲೇ ಅನ್ನದೆ ಇನ್ನೇನು ಅನ್ನಬೇಕು?

ಆದರೂ ಗ್ರೂಪ್ ಪೂರ್ತಿ ಹೇಳುವುದಿಲ್ಲ. ಇವನಿಲ್ಲದ ಇನ್ನೊಂದು ಗ್ರೂಪ್ ಇರಬಹುದು, ಕ್ಲಾಸಿನಲ್ಲಿ ಆಗುವುದು ಫೋನಿನಲ್ಲಿ ಕಾಣುವುದಿಲ್ಲ. ಮಗನನ್ನೇ ಕೇಳಬೇಕು. ಈ ಅವ್ವ ಮಗ ಸ್ನಾನಕ್ಕೆ ಹೋದಾಗ ಫೋನ್ ನೋಡಿದ್ದರು. ಅದನ್ನು ಮೊದಲು ಅವನಿಗೆ ಹೇಳಿಬಿಡಿ ಎಂದೆ. “ಯಾರು ಕಾಡ್ತಾರ?” ಅಂತ ಕೇಳಬೇಡಿ, ಮಕ್ಕಳು ಹೆಸರು ಹೇಳಲು ಹೆದರುತ್ತಾರೆ. “ಈ ಸ್ಟಿಕರ್ ಬಂದಾಗ ನಿನಗ ಹೆಂಗ ಅನಸ್ತೈತಿ?” ಅಂತ ಕೇಳಿ ಎಂದೆ.

ಅವರು ಆಗಲೇ ಆ ಐದು ಮನೆಗೆ ಫೋನ್ ಮಾಡಲು ಹೊರಟಿದ್ದರು. ತಡೆದೆ. ಹಾಗೆ ಮಾಡಿದರೆ ಮರುದಿನ “ಅವ್ವನ ಮಗ” ಅಂತ ಹೊಸ ಸ್ಟಿಕರ್ ಬರುತ್ತದೆ. ಮೊದಲು ಹೆಸರು, ತಾರೀಕು, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಕಳಿಸಿದವರು ಎಲ್ಲರ ಫೋನಿನಿಂದಲೂ ಅಳಿಸಬಹುದು. ಮಗ ಒಪ್ಪಿದ ಮೇಲೆ ಕ್ಲಾಸ್ ಟೀಚರ್‌ಗೆ ತೋರಿಸಿ. ಬೆದರಿಕೆ, ಬೆತ್ತಲೆ ಫೋಟೋ, ಜಾತಿ ಹಿಡಿದು ಬೈಯುವುದು ಕಂಡರೆ ಮಾತ್ರ ಕಾಯಬೇಡಿ. ಮಕ್ಕಳ ಸಹಾಯವಾಣಿ 1098, ಇಲ್ಲವೇ ಪೊಲೀಸರು.

ಟೀಚರ್ ಹತ್ತಿರ ಹೋಗುವಾಗ ಜೊತೆಗೆ ಯಾರು ಬೇಕು ಅಂತ ಅವ್ವ ಕೇಳಿದರು. ಮಗ ಹೇಳಿದ್ದು ಆ “ಮಂಗ್ಯಾ” ಎಂದವನ ಹೆಸರು. ಟೀಚರ್ ಐವರನ್ನೂ ಒಬ್ಬೊಬ್ಬರಾಗಿ ಕರೆಸಿ ಮಾತಾಡಿದರು, ಸ್ಟಿಕರ್ ನಿಂತಿತು. ಹುಡುಗ ಎರಡು ವಾರ ಗ್ರೂಪ್‌ನಲ್ಲಿ ಏನೂ ಬರೆಯಲಿಲ್ಲ. ಆಮೇಲೆ ಒಂದು ಸಂಜೆ ಗೆಳೆಯನಿಗೆ ಬರೆದ: “ಲೇ ಹುಚ್ಚ, ನೋಟ್ಸ್ ಕಳಸಲೇ.”